ಬೇಕು, ಬೇಕಾಗಿತ್ತು

ಅಕ್ಕ ಫ್ರಾನ್ಸಿಗೆ ಬಂದದ್ದು ನನ್ನ ಎರಡನೆಯ ಬಾಣಂತನಕ್ಕೆ. ಅವ್ವನಿಗೆ ಮೊಣಕಾಲು ನೋವು, ವಿಮಾನದಲ್ಲಿ ಅಷ್ಟು ಹೊತ್ತು ಕೂಡುವುದು ಆಗದ ಮಾತು. "ನಾ ಹೋಗ್ತೇನಿ" ಎಂದು ಅಕ್ಕ ತಾನಾಗಿಯೇ ಹೇಳಿದಳಂತೆ. ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳೂ ಅವಳ ಗಂಡನೂ ಕಿರಾಣಿ ಅಂಗಡಿ ನಡೆಸುತ್ತಾರೆ. ಅಂಗಡಿಯನ್ನು ಗಂಡನಿಗೆ ಒಪ್ಪಿಸಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಂಟಿನುಂಡಿ ತುಂಬಿದ ಎರಡು ದೊಡ್ಡ ಬ್ಯಾಗು ಹಿಡಿದು ಬಂದಳು. ಮೂರು ತಿಂಗಳ ವೀಸಾ.

ನಾವಿದ್ದದ್ದು ದಕ್ಷಿಣ ಫ್ರಾನ್ಸಿನ ಮೊಂಪೆಲಿಯೇ ಊರಿನಲ್ಲಿ. ನಾನು ಆಳಂದ ತಾಲೂಕಿನ ನರೋಣಾದವಳು. ನನ್ನ ಗಂಡ ಜೇವರ್ಗಿಯವರು. ಇಬ್ಬರೂ ಓದಿದ್ದು ಕೃಷಿ ವಿಜ್ಞಾನ, ಅಲ್ಲಿ ಜೋಳದ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದೆವು. ನಮ್ಮ ಹೊಲದ ಜೋಳದ ವಿಷಯವನ್ನು ಅಷ್ಟು ದೂರ ಹೋಗಿ ಕಲಿಯಬೇಕೇನು ಎಂದು ಅಪ್ಪ ಈಗಲೂ ಕೇಳುತ್ತಾನೆ.

ಫ್ರೆಂಚ್ ಭಾಷೆಯಲ್ಲಿ ನನಗೆ ಮೊದಲು ಬಿದ್ದ ಪೆಟ್ಟನ್ನು ಇಲ್ಲಿಯೇ ಹೇಳಿಬಿಡಬೇಕು. ಇಲ್ಲದಿದ್ದರೆ ಅಕ್ಕನೊಂದಿಗೆ ನಾನು ನಡೆದುಕೊಂಡ ರೀತಿ ಅರ್ಥವಾಗುವುದಿಲ್ಲ. ಹೋದ ಹೊಸತರಲ್ಲಿ ಅಂಚೆ ಕಚೇರಿಗೆ ಹೋಗಿ, ಫೋನಿನಲ್ಲಿ ಕಲಿತಿದ್ದ ವಾಕ್ಯವನ್ನು ಧೈರ್ಯವಾಗಿ ಒಪ್ಪಿಸಿದ್ದೆ. "ಜ ವ್ಯೋ" ಎಂದು ಶುರುಮಾಡಿ ಅಂಚೆಚೀಟಿ ಕೇಳಿದ್ದೆ. ಜ ವ್ಯೋ ಎಂದರೆ 'ನನಗೆ ಬೇಕು'. ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕೌಂಟರಿನ ಹೆಂಗಸು ಹುಬ್ಬು ಏರಿಸಿ, "ಓಹೋ, ನಿಮಗೆ ಬೇಕೋ?" ಎಂದಳು. ಹಿಂದಿದ್ದವರು ಯಾರೋ ಗಂಟಲು ಸರಿಮಾಡಿಕೊಂಡರು. ನಾನು ಬಂದ ಕೂಡಲೇ 'ಬೋಂಜೂರ್' ಅಂದಿರಲಿಲ್ಲ, ಅದೂ ಒಂದು ತಪ್ಪು.

ಸಂಜೆಯ ಭಾಷಾ ತರಗತಿಯಲ್ಲಿ ಮೇಡಂ ಬಿಡಿಸಿ ಹೇಳಿದರು. ಅಂಗಡಿಯಲ್ಲಿ, ಕಚೇರಿಯಲ್ಲಿ ಪರಿಚಯವಿಲ್ಲದವರ ಹತ್ತಿರ 'ಜ ವ್ಯೋ' ಎಂದರೆ ಹುಕುಂ ಮಾಡಿದ ಹಾಗೆ, ಇಲ್ಲವೇ ಮಗು ಹಟ ಹಿಡಿದ ಹಾಗೆ ಕೇಳಿಸುತ್ತದೆ. ಅಲ್ಲಿ ಅನ್ನಬೇಕಾದದ್ದು 'ಜ ವುದ್ರೆ'. ಅದೇ ಕ್ರಿಯಾಪದ, ಆದರೆ ಷರತ್ತಿನ ರೂಪ. 'ಸಾಧ್ಯವಿದ್ದರೆ' ಎಂಬ ಮಾತನ್ನು ಬಾಯಿಬಿಟ್ಟು ಹೇಳದೆ ಒಳಗೇ ಇಟ್ಟುಕೊಂಡು, 'ನನಗೆ ಬೇಕಾಗುತ್ತಿತ್ತು' ಎಂದಂತೆ. ಎದುರಿನವರಿಗೆ ಇಲ್ಲ ಅನ್ನುವುದಕ್ಕೆ ಜಾಗ ಬಿಟ್ಟು ಕೇಳುವುದು. 'ಕೊಡಬಲ್ಲಿರಾ' ಅನ್ನುವ ಬದಲು 'ಕೊಡಲಾದೀತಾ', 'ಇದೆಯಾ' ಅನ್ನುವ ಬದಲು 'ಇದ್ದೀತಾ' ಎಂಬ ಧಾಟಿಯ ರೂಪಗಳೂ ಇದ್ದವು. ಹಾಗೆಂದು ಮೊದಲಿನ ರೂಪ ಎಲ್ಲ ಕಡೆಯೂ ಒರಟಲ್ಲ. ಯಾರಾದರೂ ಕಾಫಿ ಬೇಕಾ ಎಂದು ಕೇಳಿದಾಗ 'ಜ ವ್ಯೋ ಬ್ಯಾಂ' ಎಂದರೆ 'ಹೂಂ, ಕೊಡಿ, ಕುಡಿಯುತ್ತೇನೆ' ಎಂಬ ಒಳ್ಳೆಯ ಮಾತೇ ಆಗುತ್ತದೆ.

ಆ ದಿನದಿಂದ ನಾನು 'ಜ ವುದ್ರೆ'ಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಣ್ಣ ಬೇರೆ, ಉಚ್ಚಾರ ಬೇರೆ, ಹೆಸರು ಯಾರ ಬಾಯಿಗೂ ತಿರುಗುವುದಿಲ್ಲ. ಆದರೆ ಈ ಒಂದು ಪದ ಸರಿಯಾಗಿ ಅಂದರೆ ಎದುರಿನವರ ಮುಖ ಸಡಿಲವಾಗುತ್ತಿತ್ತು. ಮೂರು ವರ್ಷದ ಮಗಳಿಗೂ ಅದನ್ನೇ ತಿದ್ದುತ್ತಿದ್ದೆ. ಅಲ್ಲಿಯ ತಾಯಂದಿರೆಲ್ಲ ಮಕ್ಕಳಿಗೆ ಹಾಗೆಯೇ ತಿದ್ದುತ್ತಾರೆ.

ಅಕ್ಕ ಬಂದ ಮೂರನೆಯ ವಾರಕ್ಕೆ ಕೂಸು ಹುಟ್ಟಿತು. ಅಷ್ಟರಲ್ಲಿ ಅಕ್ಕ ಓಣಿಯ ಬ್ರೆಡ್ಡಿನ ಅಂಗಡಿಗೆ ಒಬ್ಬಳೇ ಹೋಗಿಬರತೊಡಗಿದ್ದಳು. ಇಳಕಲ್ ಸೀರೆಯ ಮೇಲೆ ನನ್ನ ಗಂಡನ ಜಾಕೀಟು ಹಾಕಿಕೊಂಡು, ಕೈಯಲ್ಲಿ ನಾಣ್ಯ ಹಿಡಿದುಕೊಂಡು ಹೋಗುತ್ತಿದ್ದಳು. ಭಾಷೆ ಎಲ್ಲಿ ಕಲಿತಳು ಎಂದು ನಾನು ಕೇಳಲೇ ಇಲ್ಲ. ನನ್ನ ಮಗಳು ಆಟಿಕೆಗಾಗಿ ಹಟ ಹಿಡಿದು 'ಜ ವ್ಯೋ, ಜ ವ್ಯೋ' ಎಂದು ನೆಲ ಒದೆಯುವಾಗ ಕೇಳಿ ಕಲಿತಿದ್ದಳು.

ಒಂದು ಶನಿವಾರ ಕೂಸನ್ನು ಗಂಡನ ಹತ್ತಿರ ಬಿಟ್ಟು ನಾನೂ ಅವಳ ಜೊತೆ ಹೋದೆ. ದಿನಾ ಇರುವ ಮುದುಕಿ ಅಂದು ಇರಲಿಲ್ಲ. ಹೊಸಬ, ಚಿಕ್ಕ ವಯಸ್ಸಿನವನು ನಿಂತಿದ್ದ. ಹಿಂದೆ ಸಾಲು. ಅಕ್ಕ ಕೈಮುಗಿದು, "ಬೋಂಜೂರ್" ಎಂದಳು. ಆಮೇಲೆ ಅಂಗಡಿಯೆಲ್ಲ ಕೇಳುವ ಹಾಗೆ, "ಜ ವ್ಯೋ ಬಗೆತ್!" ಎಂದಳು. ಬಗೆತ್ ಎಂದರೆ ಉದ್ದನೆಯ ಬ್ರೆಡ್ಡು.

ಅವನು ಬ್ರೆಡ್ಡಿಗೆ ಕೈ ಹಾಕಲಿಲ್ಲ. ತಲೆ ಒಂದು ಕಡೆ ವಾಲಿಸಿ, ಅಕ್ಷರ ಬಿಡಿಸಿ, ಮಗುವಿಗೆ ಹೇಳಿಕೊಡುವ ಹಾಗೆ ಹೇಳಿದ: "ಜ... ವುದ್ರೆ, ಮದಾಮ್. ಹಾಗೆ ಅನ್ನಬೇಕು."

ಅಕ್ಕ ನನ್ನ ಕಡೆ ನೋಡಿದಳು. ಅವಳಿಗೆ ಅವನ ಮಾತು ತಿಳಿದಿರಲಿಲ್ಲ, ಧಾಟಿ ತಿಳಿದಿತ್ತು. ಆ ಕ್ಷಣ ನಾನು ಅವಳ ಪಕ್ಕ ನಿಲ್ಲಬಹುದಿತ್ತು. 'ಇವರು ನನ್ನ ಅಕ್ಕ, ನಿಮ್ಮ ಭಾಷೆ ಬರುವುದಿಲ್ಲ, ನಿಮಗೆ ಕೈಮುಗಿದದ್ದು ಕಾಣಲಿಲ್ಲವೇ' ಎನ್ನುವಷ್ಟು ಫ್ರೆಂಚ್ ನನಗೆ ಬರುತ್ತಿತ್ತು. ನಾನು ಅವನ ಕಡೆ ತಿರುಗಿ ನಕ್ಕೆ. "ಎಕ್ಸ್‌ಕ್ಯೂಜೇ ಲಾ" ಎಂದೆ, ಇವಳನ್ನು ಕ್ಷಮಿಸಿ ಎಂದು. ಆಮೇಲೆ ಆ ಷರತ್ತಿನ ರೂಪದಲ್ಲಿ, ಒಂದು ಅಕ್ಷರವೂ ತಪ್ಪದ ಹಾಗೆ, ನಾನೇ ಬ್ರೆಡ್ಡು ಕೇಳಿದೆ. ಅವನೂ ನಕ್ಕ. ನಾವಿಬ್ಬರೂ ಒಂದು ಕಡೆಯವರಾದೆವು.

ದಾರಿಯಲ್ಲಿ ನಾನು ಸುಮ್ಮನಿರಲಿಲ್ಲ.

"ಇಲ್ಲಿ ಹಂಗ ಅನ್ನಬಾರ್ದು ಅಕ್ಕಾ. ಮಂದಿ ಮುಂದ ಮರ್ಯಾದಿ ಹೋಗ್ತದ."

"ನಾ ಏನ್ ಅಂದೆ ಬೇ ಅಂಥಾದ್ದು?"

"ಜ ವ್ಯೋ ಅಂದಿ. ನಂಗ ಬೇಕು ಅಂದಂಗ ಆಗ್ತದ ಅದು."

"ಬೇಕಿತ್ತಲ್ಲ. ಅದಕ್ಕ ಬೇಕಂದೆ."

"ನಿನ್ನ ಅಂಗಡಿಗಿ ಯಾರರ ಬಂದು 'ಬೆಲ್ಲ ಬೇಕು' ಅಂತ ಒದರಿದ್ರ ನಿಂಗ ಹ್ಯಾಂಗ ಅನ್ನಿಸ್ತದ? 'ಸ್ವಲ್ಪ ಬೆಲ್ಲ ಬೇಕಾಗಿತ್ರಿ' ಅಂದ್ರ ಹ್ಯಾಂಗ ಅನ್ನಿಸ್ತದ? ಅಷ್ಟ ಫರಕ್ ಅದ."

ಅಕ್ಕ ನಿಂತುಬಿಟ್ಟಳು. ನನ್ನ ಉದಾಹರಣೆ ಸರಿಯಾಗಿಯೇ ಇತ್ತು. ನಮ್ಮ ಕಡೆಯೂ ಬೇಕಾದದ್ದು ಈಗಲೇ ಬೇಕಿದ್ದರೂ, ಅದನ್ನು ಹಿಂದೆಂದೋ ಬೇಕಾಗಿದ್ದಂತೆ 'ಬೇಕಾಗಿತ್ತು' ಎಂದು ದೂರ ಸರಿಸಿ ಕೇಳುತ್ತೇವೆ, ಕೊನೆಗೊಂದು 'ರಿ' ಸೇರಿಸುತ್ತೇವೆ. ಫ್ರೆಂಚರೂ ಷರತ್ತಿನ ರೂಪದ ಜೊತೆಗೆ ಹೀಗೆ ಭೂತಕಾಲದಲ್ಲಿ ಕೇಳುವುದುಂಟು. ಅಂಗಡಿ ನಡೆಸುವವಳಿಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಸಾಧ್ಯವಿರಲಿಲ್ಲ. ಆದರೆ ಅದನ್ನು ಹೇಳಿದ ನನ್ನ ದನಿಯಲ್ಲಿ ಅಂಚೆ ಕಚೇರಿಯ ಆ ಹೆಂಗಸು ಇದ್ದಳು.

"ಅಂದ್ರ ನಾ ಇಷ್ಟ ದಿನ ಆ ಮುದುಕಿಗಿ ಒದರಿಕೋತ ಇದ್ದೆ?" ಎಂದಳು ಅಕ್ಕ.

"ಹೂಂ."

ಅವಳ ಮುಖ ಸಣ್ಣದಾಯಿತು. "ಯವ್ವಾ, ಆಕಿ ಏನ್ ತಿಳ್ಕೊಂಡಿರಬೇಕು" ಎಂದಳು.

ಆಮೇಲಿನ ದಿನಗಳಲ್ಲಿ ಒಲೆಯ ಮುಂದೆ ನಿಂತು ಅಕ್ಕ 'ಜ ವುದ್ರೆ' ಅಭ್ಯಾಸ ಮಾಡುತ್ತಿದ್ದುದು ಕೇಳಿಸುತ್ತಿತ್ತು. ಫ್ರೆಂಚರ 'ರ' ಗಂಟಲಿನೊಳಗಿಂದ ಬರುವಂಥದ್ದು. ಅವಳ ಬಾಯಲ್ಲಿ ಅದು ಒಮ್ಮೆ 'ವುಡರೆ' ಆಗುತ್ತಿತ್ತು, ಒಮ್ಮೆ 'ಉದುರಿ' ಆಗುತ್ತಿತ್ತು. ನನ್ನ ಮಗಳು ಕೈ ತಟ್ಟಿ ನಗುತ್ತಿದ್ದಳು. "ಹಂಗಲ್ಲ ದೊಡ್ಡವ್ವಾ" ಎಂದು ತಿದ್ದುತ್ತಿದ್ದಳು. ನಾನು ಹಾಸಿಗೆಯ ಮೇಲಿಂದ, "ಇನ್ನೊಮ್ಮೆ ಅನ್ನು" ಎನ್ನುತ್ತಿದ್ದೆ. ಅದನ್ನು ಸಲಿಗೆ ಎಂದುಕೊಂಡಿದ್ದೆ. ಕೆಲವು ದಿನಗಳ ಮೇಲೆ ಒಲೆಯ ಮುಂದಿನ ಆ ಸದ್ದು ನಿಂತಿತು. ಬ್ರೆಡ್ಡಿನ ಅಂಗಡಿಗೆ ಹೋಗುವುದೂ ನಿಂತಿತು. "ನಿಮ್ಮ ಸಾಹೇಬ್ರಿಗೆ ಬರುವಾಗ ತರಾಕ ಹೇಳು, ನಂಗ ಕಾಲ್ ನೋವು" ಎಂದಳು. ನನಗೆ ಒಳಗೊಳಗೆ ಹಾಯೆನಿಸಿತು. ಇನ್ನು ಅಂಗಡಿಯಲ್ಲಿ ಮುಜುಗರವಿಲ್ಲ ಎಂದುಕೊಂಡೆ.

ಅಕ್ಕ ಹೊರಡಲು ಎರಡು ವಾರವಿದ್ದಾಗ ನಮ್ಮ ವಾಸದ ಪರವಾನಗಿಯ ಕೆಲಸಕ್ಕೆ ಸರ್ಕಾರಿ ಕಚೇರಿಗೆ ಹೋಗಬೇಕಾಯಿತು. ಗಂಡ ಹೊಲದ ಪ್ರಯೋಗಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಮಗಳನ್ನು ಶಾಲೆಗೆ ಬಿಟ್ಟು ಹೊರಟೆ, ಕೂಸನ್ನು ಎತ್ತಿಕೊಳ್ಳಲು ಅಕ್ಕ ಬಂದಳು. ಅವಳಿಗೆ ಶುಗರ್ ಇದೆ. ಗಡಿಬಿಡಿಯಲ್ಲಿ ಗುಳಿಗೆ ನುಂಗಿದ್ದಳು, ನಾಷ್ಟಾ ಮಾಡಿರಲಿಲ್ಲ. "ಬಂದ್ಮ್ಯಾಲ ತಿಂತೇನಿ ತಗೋ" ಎಂದಿದ್ದಳು. ನಾನು ಒತ್ತಾಯ ಮಾಡಲಿಲ್ಲ, ಬಸ್ಸಿನ ಹೊತ್ತಾಗಿತ್ತು.

ಕಚೇರಿಯಲ್ಲಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅಕ್ಕನನ್ನು ಕೂಡಿಸಿ, ಕೂಸನ್ನು ಅವಳ ತೊಡೆಯ ಮೇಲಿಟ್ಟು, ನನ್ನ ಸರದಿಗಾಗಿ ಒಳಗಿನ ಸಾಲಿಗೆ ಹೋದೆ. ಅವಳ ಪಕ್ಕದಲ್ಲೇ ಕಾವಲುಗಾರನಿದ್ದ, ನಾಲ್ಕು ಹೆಜ್ಜೆ ಆಚೆ ನೀರಿನ ಯಂತ್ರವಿತ್ತು, ಅಕ್ಕಪಕ್ಕ ಹತ್ತಾರು ಮಂದಿ ಕೂತಿದ್ದರು. ಸಾಲು ನಿಧಾನಕ್ಕೆ ಸರಿಯುತ್ತಿತ್ತು.

ಕೊನೆಗೆ ಕಿಟಕಿ ಸಿಕ್ಕಾಗ ನಾನು ನನ್ನ ಅತಿ ಒಳ್ಳೆಯ ಫ್ರೆಂಚ್ ಹೊರತೆಗೆದೆ. ಒಂದು ದಾಖಲೆ ತಡವಾಗಿ ಬರುವುದಿತ್ತು, ಅದಕ್ಕೆ ಸಮಯ ಕೇಳಬೇಕಿತ್ತು. 'ತಮ್ಮನ್ನು ಕೇಳಬೇಕೆಂದಿದ್ದೆ, ಸಾಧ್ಯವಾಗುವುದಾದರೆ, ತಾವು ದಯವಿಟ್ಟು ನೋಡಬಲ್ಲವರಾಗಿದ್ದರೆ' ಎಂದು ಒಂದರ ಮೇಲೊಂದು ಮೆತ್ತಗಿನ ಕ್ರಿಯಾಪದ ಜೋಡಿಸುತ್ತಿದ್ದೆ. ಕಿಟಕಿಯ ಹೆಂಗಸು ಸಮಾಧಾನವಾಗಿ ಕೇಳುತ್ತಿದ್ದಳು. ಈ ಕೆಲಸದಲ್ಲಿ ನಾನು ಜಾಣೆ ಎಂದು ನನಗೇ ಅನಿಸುತ್ತಿತ್ತು.

ಕೂಸು ಚೀರಿತು. ತಿರುಗಿ ನೋಡಿದರೆ ಅಕ್ಕನ ತಲೆ ಗೋಡೆಗೆ ವಾಲಿತ್ತು. ಮುಖದ ಮೇಲೆ ಬೆವರು ಹರಿದಿತ್ತು, ಕೈ ನಡುಗುತ್ತಿತ್ತು. ಕೂಸು ತೊಡೆಯಿಂದ ಜಾರುತ್ತಿತ್ತು. ಪಕ್ಕದ ಹೆಂಗಸೊಬ್ಬಳು ಎದ್ದು ಅದನ್ನು ಹಿಡಿದಳು. ನಾನು ಓಡಿದೆ. ಓಡುತ್ತಲೇ ಒದರಿದೆ: "ಜ ವ್ಯೋ ದ್ಯು ಸೂಕ್ರ್! ವಿತ್!"

ನನಗೆ ಸಕ್ಕರೆ ಬೇಕು, ಬೇಗ. ಆ ದೇಶದವರಾಗಿದ್ದರೆ ಬಹುಶಃ ಬೇರೆ ಪದ ಅನ್ನುತ್ತಿದ್ದರು. ನನ್ನ ಬಾಯಿಗೆ ಬಂದದ್ದು ಅದು. ಬೋಂಜೂರ್ ಇಲ್ಲ, ದಯವಿಟ್ಟು ಇಲ್ಲ, ಷರತ್ತೂ ಇಲ್ಲ. ಯಾರೂ ಹುಬ್ಬೇರಿಸಲಿಲ್ಲ. ಕಾವಲುಗಾರ ತನ್ನ ಚೀಲದಿಂದ ಹಣ್ಣಿನ ರಸದ ಬಾಟಲಿ ತೆಗೆದು, ನೆಲಕ್ಕೆ ಮೊಣಕಾಲೂರಿ ಅಕ್ಕನ ತುಟಿಗೆ ಹಿಡಿದ. ಕಿಟಕಿಯ ಹೆಂಗಸು ಕಾಫಿಗೆ ಹಾಕುವ ಸಕ್ಕರೆಯ ಪುಟ್ಟ ಪೊಟ್ಟಣಗಳನ್ನು ಮುಷ್ಟಿ ತುಂಬ ಹಿಡಿದು ಬಂದಳು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು.

ಆಂಬುಲೆನ್ಸಿನವರು ಬರುವಷ್ಟರಲ್ಲಿ ಅಕ್ಕ ಕಣ್ಣು ತೆರೆದು ಕೂತಿದ್ದಳು. ಬೆರಳಿಗೆ ಸೂಜಿ ಚುಚ್ಚಿ ನೋಡಿ, ಶುಗರ್ ಇಳಿದಿತ್ತು, ಈಗ ಏರುತ್ತಿದೆ, ಏನಾದರೂ ತಿನ್ನಿಸಿ, ಊರಿನ ಡಾಕ್ಟರಿಗೆ ಗುಳಿಗೆಯ ವಿಷಯ ಹೇಳಿ ಎಂದರು.

ನನಗೆ ಸಿಟ್ಟು ಬಂದಿತ್ತು. ಹೆದರಿಕೆ ಹೋದ ಮೇಲೆ ಬರುವ ಸಿಟ್ಟು. "ಬಾಜೂಕ ಮನಷ್ಯಾ ನಿಂತಾನ. ನೀರರ ಕೇಳಬಾರ್ದೇನು? ಅಷ್ಟೂ ಬರಂಗಿಲ್ಲೇನು ನಿಂಗ?"

ಅಕ್ಕ ನಾಲಿಗೆಯಿಂದ ತುಟಿ ಸವರಿಕೊಂಡಳು. "ಕೇಳಬೇಕಂತಾನ ಮಾಡಿದ್ದೆ. ಮನಸ್ಸಿನಾಗ ಅನ್ಕೋತ ಕೂತಿದ್ದೆ. ಆ 'ರೆ' ಬರವಲ್ದಾಗಿತ್ತು ನೋಡವಾ. ಇನ್ನೊಂದ ಬರ್ತದ, ಖರೆ... ಅದನ್ನ ಅಂದ್ರ ನಿಂಗ ಮತ್ತ ಅಷ್ಟ್ ಮಂದಿ ಮುಂದ ನಾಚಿಕಿ ಆಗ್ತದಲ್ಲ."

ಅವಳು ಆಪಾದನೆ ಮಾಡುವ ದನಿಯಲ್ಲಿ ಹೇಳಲಿಲ್ಲ. ಲೆಕ್ಕ ಒಪ್ಪಿಸುವಂತೆ ಹೇಳಿದಳು. ಕಣ್ಣು ಕತ್ತಲೆಗಟ್ಟುವಾಗ, ತೊಡೆಯ ಮೇಲೆ ನನ್ನ ಕೂಸು ಇರುವಾಗ, ಅವಳು ಸರಿಯಾದ ಕ್ರಿಯಾಪದಕ್ಕಾಗಿ ಕಾಯುತ್ತಿದ್ದಳು. ಕಾವಲುಗಾರ ಇನ್ನೂ ಅಲ್ಲೇ ಕೂತಿದ್ದ. ಅಕ್ಕ ಅವನಿಗೆ ಕೈಮುಗಿದಳು. ಅವನೂ ಕೈಮುಗಿದ.

ಮರುದಿನ ನಾನೇ ಬ್ರೆಡ್ಡಿನ ಅಂಗಡಿಗೆ ಹೋದೆ. ಆ ಮುದುಕಿ ಇದ್ದಳು. ನಾನು ಕೇಳುವ ಮೊದಲೇ, "ನಿಮ್ಮ ಅಕ್ಕ ಯಾಕೆ ಬರುವುದಿಲ್ಲ? ಊರಿಗೆ ಹೋದರೇ?" ಎಂದಳು. ಅಕ್ಕನ ಮಾತಿನ ರೀತಿಗೆ ಬೇಸರಪಟ್ಟುಕೊಂಡಿರಬಹುದು, ಕ್ಷಮಿಸಿ ಎಂದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಭುಜ ಹಾರಿಸಿದಳು. "ನಮ್ಮವರು ಯಾರಾದರೂ ಹಾಗೆ ಅಂದರೆ ನಾನೂ ತಿದ್ದುತ್ತೇನೆ. ನನ್ನ ಮೊಮ್ಮಕ್ಕಳಿಗೆ ದಿನಾ ತಿದ್ದುತ್ತೇನೆ. ಆದರೆ ಅವರು ಕೈಮುಗಿದು ಬರುತ್ತಿದ್ದರಲ್ಲ" ಎಂದಳು. ಒಂದು ಬಗೆತ್ ಸುತ್ತಿ, ಅಕ್ಕನಿಗೆ ಎಂದು ಕೊಟ್ಟಳು. ಮನೆಗೆ ಬಂದು ಅಕ್ಕನಿಗೆ ಹೇಳಿದೆ. "ಛಲೋ ಹೆಣ್ಮಗಳು" ಎಂದಳು, ಅಷ್ಟೇ. ಹೊರಡುವವರೆಗೂ ಮತ್ತೆ ಆ ಅಂಗಡಿಗೆ ಹೋಗಲಿಲ್ಲ.

ಊರಿಗೆ ಹೋದ ಮೇಲೆ ಅಕ್ಕ ಫೋನು ಮಾಡುವುದೇನೂ ಬಿಡಲಿಲ್ಲ. ಆದರೆ ಅವಳ ಮಾತು ಬದಲಾಗಿತ್ತು. ಮೊದಲೆಲ್ಲ ನಾನು ಫೋನೆತ್ತಿದ ಕೂಡಲೇ, "ಎಲ್ಲಿ ಸತ್ತಿದ್ದಿ ಬೇ, ಕೂಸಿನ ಮಾರಿ ತೋರ್ಸು" ಎನ್ನುತ್ತಿದ್ದಳು. ಈಗ, "ಬಿಡುವು ಅದ ಏನು? ಕೂಸಿನ ಮಾರಿ ನೋಡಬೇಕಾಗಿತ್ತು" ಎನ್ನತೊಡಗಿದಳು. ಮೊದಲ ಸಲ ಹಾಸ್ಯ ಮಾಡುತ್ತಿದ್ದಾಳೆ ಎಂದುಕೊಂಡೆ. ಹಾಸ್ಯವಾಗಿರಲಿಲ್ಲ. ನನಗೆ ಇಲ್ಲ ಅನ್ನುವುದಕ್ಕೆ ಜಾಗ ಬಿಟ್ಟು ಕೇಳುತ್ತಿದ್ದಳು. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಟೊಂಕದ ಮೇಲೆ ಹೊತ್ತು ತಿರುಗಿದವಳು ನನ್ನ ಹತ್ತಿರ ಅಪರಿಚಿತರ ಹಾಗೆ ಸೌಜನ್ಯದಿಂದ ಮಾತಾಡುವಾಗ, ನಾನು ಕೂಸನ್ನು ಫೋನಿನ ಮುಂದೆ ಹಿಡಿದುಬಿಡುತ್ತಿದ್ದೆ. ಮರ್ಯಾದೆ ಕಲಿಸಿದವಳು ನಾನೇ ತಾನೆ.

ಹೋದ ವರ್ಷ ರಜೆಯಲ್ಲಿ ಊರಿಗೆ ಬಂದಾಗ ಅಫಜಲಪುರದಲ್ಲಿ ನಾಲ್ಕು ದಿನ ಇದ್ದೆ. ಒಂದು ಮಧ್ಯಾಹ್ನ ಮಕ್ಕಳಿಗೆ ನೀರು ತೋರಿಸಲೆಂದು ಸೊನ್ನದ ಬ್ಯಾರೇಜಿಗೆ ಹೋದೆವು. ಮಕ್ಕಳು ಅಕ್ಕನ ಗಂಡನ ಕೈ ಹಿಡಿದು ಮುಂದೆ ಹೋದರು. ನಾವಿಬ್ಬರೂ ಭೀಮೆಯ ಕಡೆ ಮುಖ ಮಾಡಿ ಒಂದು ಕಟ್ಟೆಯ ಮೇಲೆ ಕೂತೆವು. ಫ್ರೆಂಚಿನಲ್ಲಿ ಕ್ಷಮೆ ಕೇಳುವುದಕ್ಕೆ ನನಗೆ ಐದಾರು ರೀತಿ ಗೊತ್ತು. ಅಕ್ಕನ ಮುಂದೆ ಒಂದೂ ಉಪಯೋಗಕ್ಕೆ ಬರಲಿಲ್ಲ.

"ಅಕ್ಕಾ, ಅವತ್ತ ಆ ಬ್ರೆಡ್ಡಿನ ಅಂಗಡ್ಯಾಗ ನಂದು ತಪ್ಪಾತು" ಎಂದೆ. "ಹಂಗ ತಿದ್ದಬಾರ್ದಿತ್ತು ನಿಂಗ."

ಅಕ್ಕ ನನ್ನ ಕಡೆ ತಿರುಗಿದಳು. "ತಿದ್ದಿದ್ರ ಏನಾತು? ನಾ ನಿಂಗ ತಿದ್ದಿಲ್ಲೇನು ಸಣ್ಣಾಕಿದ್ದಾಗ? ಗೊತ್ತಿಲ್ದಾಗ ಯಾರರ ಹೇಳಿಕೊಡಬೇಕು."

"ಮತ್ತ?"

"ನೀ ಅವ್ನ ಕೂಡ ನಕ್ಕಿ" ಎಂದಳು. "ಅವ ನಕ್ಕಿದ್ದಕ್ಕ ನಂಗೇನೂ ಅನ್ನಿಸಲಿಲ್ಲ. ಅವ ಯಾರೋ ಏನೋ."

ಅವಳು ನೋಡಿರಲಿಲ್ಲ ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ. ವಿಷಯ ಕ್ರಿಯಾಪದದ್ದು ಎಂದುಕೊಂಡಿದ್ದೆ. ನನಗೆ ಅಳು ಬಂತು, ಅವಳ ಮುಂದೆ ಅಳುವುದಕ್ಕೂ ನಾಚಿಕೆಯಾಯಿತು. ಅಕ್ಕ ನನ್ನ ಬೆನ್ನಿನ ಮೇಲೆ ಕೈ ಇಟ್ಟಳು. ಆದರೆ 'ಇರಲಿ ಬಿಡು' ಎಂದು ಅನ್ನಲಿಲ್ಲ. ಅಂದಿದ್ದರೆ ನಾನು ಅಷ್ಟಕ್ಕೇ ಹಗುರಾಗಿ ಎದ್ದುಬಿಡುತ್ತಿದ್ದೆ.

ದೂರದಿಂದ ನನ್ನ ಮಗಳು ಓಡಿಬಂದಳು. ಬಾಯಾರಿಕೆಯಾಗಿತ್ತು. ಫ್ರೆಂಚಿನ ರಾಗದ ಕನ್ನಡದಲ್ಲಿ, "ದೊಡ್ಡವ್ವಾ, ನೀರು ಬೇಕು! ಬೇಕು!" ಎಂದು ಅಕ್ಕನ ಸೆರಗು ಜಗ್ಗಿದಳು. ತಿದ್ದಲು ನನ್ನ ಬಾಯಿ ತೆರೆದೇ ಬಿಟ್ಟಿತ್ತು, ಮುಚ್ಚಿಕೊಂಡೆ. ಅಕ್ಕ ಚೀಲದಿಂದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ ಅವಳಿಗೆ ಕೊಟ್ಟಳು. ಅವಳು ಕುಡಿದು ಮುಗಿಸುವವರೆಗೆ ಬಾಟಲಿಯ ತಳವನ್ನು ಹಿಡಿದುಕೊಂಡೇ ಇದ್ದಳು. ಆಮೇಲೆ ನನ್ನ ಕಡೆ ನೋಡದೆ, "ನಡೀರಿ, ಹೊತ್ತಾತು" ಎಂದಳು. ಆ 'ರಿ' ಎಲ್ಲರಿಗೂ ಸೇರಿ ಅಂದದ್ದೋ, ನನಗೊಬ್ಬಳಿಗೇ ಅಂದದ್ದೋ, ಕೇಳುವ ಧೈರ್ಯ ನನಗೆ ಬರಲಿಲ್ಲ.